ಡೇಟಾಬೇಸ್ ಬೀಗ ಮತ್ತು ಹಳೆಯ ಕೀಗಳ ಆಯುಷ್ಯ

ಡೇಟಾಬೇಸ್ ಎಷ್ಟೇ ದೊಡ್ಡದಿರಲಿ, ಕೊನೆಗೆ ಅದು ಡಿಸ್ಕ್ ಮೇಲಿನ ಒಂದಷ್ಟು ಫೈಲ್‌ಗಳು. ಲಾಗಿನ್, ಪಾಸ್‌ವರ್ಡ್, ಯಾರು ಯಾವ ಟೇಬಲ್ ನೋಡಬಹುದು ಎಂಬ ಕಟ್ಟುಪಾಡುಗಳೆಲ್ಲ ಡೇಟಾಬೇಸ್ ಸಾಫ್ಟ್‌ವೇರ್‌ನ ಬಾಗಿಲಿನಿಂದ ಬಂದವರಿಗೆ ಮಾತ್ರ. ಫೈಲನ್ನೇ ಎತ್ತಿಕೊಂಡು ಹೋದವರಿಗೆ ಅವು ತಟ್ಟುವುದಿಲ್ಲ. ಆ ಫೈಲನ್ನು ಬೇರೊಂದು ಯಂತ್ರದಲ್ಲಿಟ್ಟು ತೆರೆದರೆ ಸಾಕು, ಹೆಸರು, ಫೋನ್ ನಂಬರು, ಖಾತೆಯ ಬಾಕಿ ಎಲ್ಲವೂ ಕಾಣುತ್ತವೆ. 2011ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ ಗುತ್ತಿಗೆ ಕಂಪನಿಯ ನೌಕರರೊಬ್ಬರ ಕಾರಿನಿಂದ ಬ್ಯಾಕಪ್ ಟೇಪುಗಳು ಕಳುವಾದವು. ಅವುಗಳಲ್ಲಿ ಅಲ್ಲಿನ ಸೇನಾ ಆರೋಗ್ಯ ಯೋಜನೆಯಾದ ಟ್ರೈಕೇರ್‌ಗೆ ಸೇರಿದ ಸುಮಾರು 49 ಲಕ್ಷ ಜನರ ಮಾಹಿತಿ ಇತ್ತು. ಬ್ಯಾಕಪ್ ತೆಗೆದ ವ್ಯವಸ್ಥೆಗೆ ಸರ್ಕಾರದ ಮಾನದಂಡಕ್ಕೆ ತಕ್ಕಂತೆ ಎನ್‌ಕ್ರಿಪ್ಟ್ ಮಾಡುವ ಸಾಮರ್ಥ್ಯವೇ ಇರಲಿಲ್ಲ. ಅಲ್ಲಿ ಯಾರೂ ಪಾಸ್‌ವರ್ಡ್ ಮುರಿಯಬೇಕಾಗಿ ಬರಲಿಲ್ಲ, ಕಾರಿನ ಬಾಗಿಲು ತೆಗೆದರೆ ಸಾಕಾಗಿತ್ತು.

ಸಂಗ್ರಹದಲ್ಲಿರುವ ಡೇಟಾವನ್ನು ಎನ್‌ಕ್ರಿಪ್ಟ್ ಮಾಡುವುದು ಈ ದಾರಿಯನ್ನು ಮುಚ್ಚಲಿಕ್ಕೆ. ಡಿಸ್ಕ್‌ಗೆ ಬರೆಯುವ ಮುನ್ನ ಡೇಟಾವನ್ನು ಕೀ ಬಳಸಿ ಗೂಢರೂಪಕ್ಕೆ ತಿರುಗಿಸಲಾಗುತ್ತದೆ, ಓದುವಾಗ ಮತ್ತೆ ಬಿಡಿಸಲಾಗುತ್ತದೆ. ಇದರ ವ್ಯಾಪ್ತಿ ಎಷ್ಟೆಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಕಳುವಾದ ಡಿಸ್ಕ್, ಗುಜರಿಗೆ ಹೋದ ಡಿಸ್ಕ್, ನಕಲಾದ ಬ್ಯಾಕಪ್ ಫೈಲ್ ಇವುಗಳಿಂದ ಇದು ಕಾಪಾಡುತ್ತದೆ. ಸರ್ವರ್ ಓಡುತ್ತಿರುವಾಗ ಮೆಮೊರಿಯಲ್ಲಿರುವ ಡೇಟಾ ಮಾತ್ರ ಬಯಲಾಗಿಯೇ ಇರುತ್ತದೆ. ವೆಬ್‌ಸೈಟ್‌ನ ದೋಷ ಬಳಸಿ ಡೇಟಾಬೇಸ್‌ಗೆ ಪ್ರಶ್ನೆ ತೂರಿಸಿದವರಿಗೆ ಸಾಫ್ಟ್‌ವೇರ್ ತಾನೇ ಬಿಡಿಸಿ ಉತ್ತರ ಕೊಡುತ್ತದೆ. ಆ ಕಳ್ಳತನಕ್ಕೆ ಇದು ಮದ್ದಲ್ಲ.

ಡಿಸ್ಕನ್ನೇ ಪೂರ್ತಿಯಾಗಿ ಎನ್‌ಕ್ರಿಪ್ಟ್ ಮಾಡುವುದು ಒಂದು ಬಗೆ. ಪೋಸ್ಟ್‌ಗ್ರೆಸ್‌ನ ಮೂಲ ಆವೃತ್ತಿಯಲ್ಲಿ ಫೈಲ್ ಮಟ್ಟದ ಸೌಲಭ್ಯ ಇಲ್ಲದ್ದರಿಂದ ಅಲ್ಲಿ ಹೆಚ್ಚಾಗಿ ಈ ದಾರಿಯನ್ನೇ ಹಿಡಿಯುತ್ತಾರೆ. ಇದರ ಕುಂದು ಎಂದರೆ, ಯಂತ್ರ ಚಾಲೂ ಇರುವಾಗ ಆ ಡಿಸ್ಕ್‌ನಿಂದ ನಕಲು ಮಾಡಿದ ಫೈಲ್ ಬಯಲು ರೂಪದಲ್ಲೇ ಹೊರಗೆ ಬರುತ್ತದೆ. ಹಾಗಾಗಿ ಬ್ಯಾಕಪ್ ಕೂಡ ಬಯಲೇ. ಇನ್ನೊಂದು ಬಗೆಯಲ್ಲಿ ಡೇಟಾಬೇಸ್ ಸಾಫ್ಟ್‌ವೇರೇ ತನ್ನ ಫೈಲ್‌ಗಳನ್ನು ಎನ್‌ಕ್ರಿಪ್ಟ್ ಮಾಡುತ್ತದೆ, ಫೈಲ್ ಎಲ್ಲಿಗೆ ಹೋದರೂ ಬೀಗ ಜೊತೆಗೇ ಹೋಗುತ್ತದೆ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಇಂಥದ್ದು. ಕೀ ಬದಲಾವಣೆ, ಬ್ಯಾಕಪ್ ಮತ್ತು ರೆಪ್ಲಿಕಾ ಒಂದಕ್ಕೊಂದು ಹೇಗೆ ತೊಡರಿಕೊಳ್ಳುತ್ತವೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುವುದರಿಂದ, ಮುಂದಿನ ವಿವರಣೆ ಅದರ 8.0 ಆವೃತ್ತಿಯನ್ನು ಹಿಡಿದು ಸಾಗುತ್ತದೆ.

ಇನ್ನೋಡಿಬಿಯಲ್ಲಿ ಸಾಮಾನ್ಯವಾಗಿ ಪ್ರತಿ ಟೇಬಲ್‌ಗೂ ಒಂದು ಫೈಲ್ ಇರುತ್ತದೆ, ಅದರ ಹೆಸರು `.ibd` ಎಂದು ಕೊನೆಯಾಗುತ್ತದೆ. ಫೈಲಿನೊಳಗೆ ಡೇಟಾ 16 ಕಿಲೋಬೈಟ್‌ಗಳ ಪುಟಗಳಾಗಿ ಕೂರುತ್ತದೆ. ಎನ್‌ಕ್ರಿಪ್ಟ್ ಆದ ಪ್ರತಿ ಫೈಲಿಗೂ ತನ್ನದೇ ಆದ 256 ಬಿಟ್‌ಗಳ, ಅಂದರೆ 32 ಬೈಟ್‌ಗಳ ಒಂದು ಕೀ ಇರುತ್ತದೆ. ಇದನ್ನು ಕಡತದ ಕೀ ಎನ್ನೋಣ. ಪುಟಗಳು ಡಿಸ್ಕ್‌ಗೆ ಇಳಿಯುವಾಗ ಈ ಕೀಯಿಂದ ಎಇಎಸ್ ವಿಧಾನದಲ್ಲಿ ಗೂಢವಾಗುತ್ತವೆ. ಹಾಗಾದರೆ ಕಡತದ ಕೀ ಎಲ್ಲಿರುತ್ತದೆ? ಅದೇ ಫೈಲಿನ ಮೊದಲ ಪುಟದಲ್ಲಿ. ಆದರೆ ಅದನ್ನು ಬಯಲಾಗಿ ಬಿಟ್ಟಿರುವುದಿಲ್ಲ, ಮಾಸ್ಟರ್ ಕೀ ಎಂಬ ಇನ್ನೊಂದು ಕೀಯಿಂದ ಮುಚ್ಚಿಟ್ಟಿರುತ್ತಾರೆ. ಯಾವ ಮಾಸ್ಟರ್ ಕೀಯಿಂದ ಮುಚ್ಚಲಾಗಿದೆ ಎಂಬ ಗುರುತೂ ಪಕ್ಕದಲ್ಲೇ ಇರುತ್ತದೆ. ಮಾಸ್ಟರ್ ಕೀ ಇರುವುದು ಫೈಲಿನ ಹೊರಗೆ, ಕೀರಿಂಗ್ ಎಂಬ ಪ್ರತ್ಯೇಕ ಸಂಗ್ರಹದಲ್ಲಿ. ಈ ಕೀರಿಂಗ್ ಒಂದು ಸಣ್ಣ ಫೈಲ್ ಆಗಿರಬಹುದು, ಅಥವಾ ಕೀಗಳನ್ನು ಕಾಯುವುದಕ್ಕೆಂದೇ ಇರುವ ಬೇರೊಂದು ಸರ್ವರ್ ಆಗಿರಬಹುದು.

ಅಲ್ಮೇರಾಗಳ ಕೀಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು ಆ ಪೆಟ್ಟಿಗೆಗೆ ಬೀಗ ಹಾಕಿದಂತಿದೆ ಈ ಏರ್ಪಾಟು. ಪೆಟ್ಟಿಗೆಯ ಬೀಗ ಬದಲಿಸುವುದು ಸುಲಭ, ಅದಕ್ಕಾಗಿ ಅಲ್ಮೇರಾಗಳನ್ನು ಮುಟ್ಟಬೇಕಾಗಿಲ್ಲ. ಒಂದು ಟೇಬಲನ್ನು ಎನ್‌ಕ್ರಿಪ್ಟ್ ಮಾಡುವುದು ಮತ್ತು ಮಾಸ್ಟರ್ ಕೀ ಬದಲಿಸುವುದು ಎರಡೂ ಒಂದೊಂದು ಸಾಲಿನ ಆದೇಶಗಳು:

```sql
ALTER TABLE members ENCRYPTION='Y';
ALTER INSTANCE ROTATE INNODB MASTER KEY;
```

ನೋಡಲು ಎರಡೂ ಒಂದೇ ಗಾತ್ರದವು, ಆದರೆ ಕೆಲಸದಲ್ಲಿ ಅಜಗಜಾಂತರವಿದೆ. ಮೊದಲನೆಯದು ಟೇಬಲಿನ ಪ್ರತಿಯೊಂದು ಸಾಲನ್ನೂ ಹೊಸ ಫೈಲಿಗೆ ನಕಲು ಮಾಡುತ್ತದೆ. ಟೇಬಲ್ 200 ಗಿಗಾಬೈಟ್ ಇದ್ದರೆ ಡಿಸ್ಕ್‌ನಲ್ಲಿ ಇನ್ನೂ ಅಷ್ಟು ಜಾಗ ಬೇಕು, ನಕಲು ಮುಗಿಯುವ ತನಕ ಆ ಟೇಬಲಿಗೆ ಬರೆಯುವವರು ಕಾಯಬೇಕು. ಮುಗಿದ ಮೇಲೂ ಹಳೆಯ ಫೈಲ್ ಇದ್ದ ಜಾಗದಲ್ಲಿ ಬಯಲು ಡೇಟಾದ ಅವಶೇಷ ಡಿಸ್ಕ್‌ನಲ್ಲಿ ಉಳಿದಿರುತ್ತದೆ. ಅದರ ಮೇಲೆ ಬೇರೇನಾದರೂ ಬರೆಯುವವರೆಗೂ ಅದು ಹೋಗುವುದಿಲ್ಲ. ಎರಡನೆಯ ಆದೇಶ ಪ್ರತಿ ಫೈಲಿನ ಮೊದಲ ಪುಟಕ್ಕೆ ಮಾತ್ರ ಹೋಗಿ, ಅಲ್ಲಿರುವ ಕಡತದ ಕೀಯನ್ನು ಹಳೆಯ ಮಾಸ್ಟರ್ ಕೀಯಿಂದ ಬಿಡಿಸಿ ಹೊಸದರಿಂದ ಮುಚ್ಚುತ್ತದೆ. ಡೇಟಾ ಪುಟಗಳಿಗೆ ಕೈ ಹಚ್ಚುವುದಿಲ್ಲ. ಹೀಗಾಗಿ ನೂರಾರು ಗಿಗಾಬೈಟ್ ಡೇಟಾಬೇಸ್ ಕೂಡ ಕೆಲಸ ನಿಲ್ಲಿಸದೆ, ಸ್ವಲ್ಪ ಹೊತ್ತಿನಲ್ಲೇ ಹೊಸ ಮಾಸ್ಟರ್ ಕೀಗೆ ಬದಲಾಗುತ್ತದೆ. ಮಧ್ಯದಲ್ಲಿ ವಿದ್ಯುತ್ ಹೋದರೆ ಸರ್ವರ್ ಮತ್ತೆ ಎದ್ದಾಗ ಉಳಿದದ್ದನ್ನು ತಾನೇ ಮುಗಿಸುತ್ತದೆ.

ಇಷ್ಟು ಅಗ್ಗವಾಗಿರುವುದಕ್ಕೆ ಕಾರಣ ಯಾವುದೋ, ಇದರ ಮಿತಿಗೂ ಅದೇ ಕಾರಣ. ಮಾಸ್ಟರ್ ಕೀ ಎಷ್ಟು ಸಲ ಬದಲಾದರೂ ಕಡತದ ಕೀ ಹುಟ್ಟಿದಾಗ ಇದ್ದದ್ದೇ. ಯಾರೋ ಒಬ್ಬರ ಕೈಗೆ ಹಳೆಯ ಮಾಸ್ಟರ್ ಕೀಯೂ ಆ ಕಾಲದ ಒಂದು ಫೈಲೂ ಸಿಕ್ಕಿವೆ ಎಂದುಕೊಳ್ಳಿ. ಅವರು ಫೈಲಿನ ಮೊದಲ ಪುಟದಿಂದ ಕಡತದ ಕೀಯನ್ನು ಬಿಡಿಸಿ ಇಟ್ಟುಕೊಳ್ಳಬಲ್ಲರು. ಮರುದಿನವೇ ಮಾಸ್ಟರ್ ಕೀ ಬದಲಾಯಿತು. ಆರು ತಿಂಗಳ ಬಳಿಕ ಅದೇ ಟೇಬಲಿನ ಹೊಸ ಬ್ಯಾಕಪ್ ಅವರಿಗೆ ಸಿಕ್ಕರೆ, ಹೊಸ ಮಾಸ್ಟರ್ ಕೀ ಇಲ್ಲದೆಯೂ ಆರು ತಿಂಗಳ ಹೊಸ ಡೇಟಾವನ್ನು ಓದಬಹುದು. ಅಂದರೆ ಕೀ ಸೋರಿದೆ ಎಂಬ ಅನುಮಾನ ಬಂದಾಗ ಬದಲಾವಣೆಯ ಆದೇಶವೊಂದನ್ನು ಓಡಿಸಿ ನಿರಾಳವಾಗುವುದು ತಪ್ಪು. ಆಗ ಡೇಟಾವನ್ನೇ ಹೊಸ ಕಡತದ ಕೀ ಇರುವ ಹೊಸ ಫೈಲಿಗೆ ತಿರುಗಿ ಬರೆಯಬೇಕು. ಹೊಸದಾಗಿ ಎನ್‌ಕ್ರಿಪ್ಟ್ ಆದ ಟೇಬಲ್ ಸೃಷ್ಟಿಸಿ, ಸಾಲುಗಳನ್ನು ಅದಕ್ಕೆ ಸಾಗಿಸಿ, ಹಳೆಯದನ್ನು ತೆಗೆದುಹಾಕುವುದು ಇದರ ನೇರ ದಾರಿ. ಕಾಲಕಾಲಕ್ಕೆ ಮಾಡುವ ಮಾಸ್ಟರ್ ಕೀ ಬದಲಾವಣೆಗೂ ಸೋರಿಕೆಯ ನಂತರದ ಮರುಬರಹಕ್ಕೂ ಇರುವ ಈ ವ್ಯತ್ಯಾಸವನ್ನು ಅನೇಕ ಭದ್ರತಾ ನಿಯಮಾವಳಿಗಳು ಒಂದೇ ಸಾಲಿನಲ್ಲಿ ಕಲಸಿಬಿಡುತ್ತವೆ.

ಸೋರಿಕೆ ಎಂದರೆ ಊಹಾಪೋಹವಲ್ಲ. ಪಾಸ್‌ವರ್ಡ್‌ಗಳನ್ನು ಕಾಪಿಡುವ ಲಾಸ್ಟ್‌ಪಾಸ್ ಎಂಬ ಅಮೆರಿಕದ ಸೇವೆಯಲ್ಲಿ 2022ರಲ್ಲಿ ನಡೆದದ್ದು ಇದೇ. ಅದರ ಬ್ಯಾಕಪ್‌ಗಳು ಕ್ಲೌಡ್ ಸಂಗ್ರಹದಲ್ಲಿ ಎನ್‌ಕ್ರಿಪ್ಟ್ ಆಗಿಯೇ ಇದ್ದವು, ಅವನ್ನು ಬಿಡಿಸುವ ಕೀಗಳು ನಾಲ್ಕು ಮಂದಿ ಎಂಜಿನಿಯರ್‌ಗಳಿಗೆ ಮಾತ್ರ ಎಟುಕುತ್ತಿದ್ದವು. ದಾಳಿಕೋರರು ಆ ನಾಲ್ವರಲ್ಲಿ ಒಬ್ಬರ ಮನೆಯ ಕಂಪ್ಯೂಟರಿಗೆ, ಅದರಲ್ಲಿದ್ದ ಬೇರೊಂದು ಮೀಡಿಯಾ ಸಾಫ್ಟ್‌ವೇರ್‌ನ ದೋಷದ ಮೂಲಕ ನುಗ್ಗಿದರು. ಒತ್ತಿದ ಕೀಲಿಗಳನ್ನೆಲ್ಲ ದಾಖಲಿಸಿಕೊಳ್ಳುವ ಕುತಂತ್ರಾಂಶವನ್ನು ಹೂಡಿ, ಕೊನೆಗೆ ಬ್ಯಾಕಪ್‌ಗಳನ್ನೂ ಅವುಗಳ ಕೀಗಳನ್ನೂ ಪಡೆದರು. ಎನ್‌ಕ್ರಿಪ್ಷನ್ ಗಣಿತದಲ್ಲಿ ಯಾವ ದೋಷವೂ ಇರಲಿಲ್ಲ.

ಇನ್ನು ಬ್ಯಾಕಪ್ ವಿಷಯ. ಇಲ್ಲಿ ಕಳ್ಳರಿಗಿಂತ ಮಾಲೀಕರೇ ಹೊರಗುಳಿಯುವ ಅಪಾಯ ಹೆಚ್ಚು. ಒಂದು ಪತ್ತಿನ ಸಹಕಾರ ಸಂಘವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಅದರಲ್ಲಿ ಒಂದು ಮುಖ್ಯ ಸರ್ವರ್, ಒಂದು ರೆಪ್ಲಿಕಾ ಇವೆ. ಪ್ರತಿ ಭಾನುವಾರ ರಾತ್ರಿ ಫೈಲ್‌ಗಳ ಪೂರ್ಣ ಬ್ಯಾಕಪ್ ಆಗುತ್ತದೆ, ಅದನ್ನು 35 ದಿನ ಇಟ್ಟುಕೊಂಡು ಅಳಿಸುತ್ತಾರೆ. ಮಾರ್ಚ್ 31ರ ಬ್ಯಾಕಪ್ಪನ್ನು ಮಾತ್ರ ಲೆಕ್ಕಪರಿಶೋಧನೆಗಾಗಿ ಎಂಟು ವರ್ಷ ಇಡುತ್ತಾರೆ. ಮೊದಲ ಮಾಸ್ಟರ್ ಕೀಯನ್ನು ಕ1 ಎನ್ನೋಣ. ಜೂನ್ 7, ಭಾನುವಾರದ ಬ್ಯಾಕಪ್ ತೆಗೆದಾಗ ಪ್ರತಿ ಫೈಲಿನ ಮೊದಲ ಪುಟ ಕ1ರಿಂದ ಮುಚ್ಚಿತ್ತು. ಸೋಮವಾರ ಕೀ ಬದಲಾಯಿತು, ಓಡುವ ಸರ್ವರಿನ ಫೈಲ್‌ಗಳೆಲ್ಲ ಕ2ಕ್ಕೆ ಹೋದವು. ಭಾನುವಾರದ ಬ್ಯಾಕಪ್ ಮಾತ್ರ ಟೇಪಿನಲ್ಲಿ ಹಾಗೆಯೇ ಕ1ರಲ್ಲೇ ಕುಳಿತಿದೆ. ಬದಲಾವಣೆಯ ಆದೇಶ ಓಡುವ ಸರ್ವರಿನ ಫೈಲ್‌ಗಳನ್ನು ಮಾತ್ರ ತಲುಪುತ್ತದೆ, ಹಿಂದೆ ತೆಗೆದಿಟ್ಟ ಪ್ರತಿಗಳನ್ನಲ್ಲ.

ಬುಧವಾರ ಡಿಸ್ಕ್ ಕೆಟ್ಟಿತು ಎನ್ನಿ. ಭಾನುವಾರದ ಬ್ಯಾಕಪ್ ತಂದು ಹಾಕಿದರೆ ಅದಕ್ಕೆ ಕ1 ಬೇಕು. ಹೊಸ ಕೀ ಬಂತಲ್ಲ, ಹಳೆಯದೇಕೆ ಎಂದು ಯಾರಾದರೂ ಸೋಮವಾರವೇ ಕ1 ಅಳಿಸಿದ್ದರೆ, ಆ ಬ್ಯಾಕಪ್ ಇದ್ದೂ ಇಲ್ಲದಂತೆ. ಇನ್ನೋಡಿಬಿ ತಾನಾಗಿ ಹಳೆಯ ಮಾಸ್ಟರ್ ಕೀಯನ್ನು ಅಳಿಸುವುದಿಲ್ಲ, ಅಳಿಸುವುದು ಮನುಷ್ಯರೇ. ಇದರ ತದ್ವಿರುದ್ಧವೂ ಆಗುವುದುಂಟು. ಕೀರಿಂಗಿನ ಪ್ರತಿಯನ್ನು ವರ್ಷದ ಆರಂಭದಲ್ಲಿ ಒಮ್ಮೆ ತೆಗೆದಿಟ್ಟು ಮರೆತಿರುತ್ತಾರೆ, ಅದರಲ್ಲಿ ಕ1 ಮಾತ್ರ ಇದೆ. ಜೂನ್ 14ರ ಬ್ಯಾಕಪ್ ಕ2ರಲ್ಲಿದೆ. ಸರ್ವರ್ ಇದ್ದ ಕೋಣೆಗೆ ನೀರು ನುಗ್ಗಿ ಯಂತ್ರವೂ ಅದರಲ್ಲಿದ್ದ ಕೀರಿಂಗೂ ಹೋದರೆ, ಬ್ಯಾಕಪ್ ಹೊಸದು, ಕೀ ಹಳೆಯದು. ಎರಡೂ ಸಂದರ್ಭದಲ್ಲಿ ಕಾಣುವ ಸಂದೇಶ ಒಂದೇ: `Can't find master key from keyring`. ಫೈಲ್ ಹಾಳಾಗಿದೆಯೇನೋ ಎಂದು ಅದನ್ನೇ ದುರಸ್ತಿ ಮಾಡಲು ಹೊರಡುವುದು ಆಗ ಸಹಜವಾಗಿ ನಡೆಯುವ ತಪ್ಪು. ಫೈಲ್ ಸರಿಯಾಗಿಯೇ ಇರುತ್ತದೆ, ಕೊರತೆ ಇರುವುದು ಕೀಯದ್ದು. ಹೀಗಾಗಿಯೇ ಮೈಎಸ್‌ಕ್ಯೂಎಲ್ ಕೈಪಿಡಿ ಮಾಸ್ಟರ್ ಕೀ ಹುಟ್ಟಿದೊಡನೆ, ಪ್ರತಿ ಬದಲಾವಣೆಗೆ ಮುನ್ನ ಮತ್ತು ಬದಲಾವಣೆಯ ನಂತರ ಕೀರಿಂಗಿನ ಪ್ರತಿ ತೆಗೆಯಲು ಹೇಳುತ್ತದೆ.

ಆ ಪ್ರತಿಯನ್ನು ಬ್ಯಾಕಪ್ ಇರುವ ಟೇಪಿನಲ್ಲೇ ಇಡಬಾರದು ಎಂಬುದು ಹೇಳಬೇಕಾಗಿಲ್ಲದ ಮಾತು ಅನ್ನಿಸಬಹುದು. ಆದರೆ ಕೀರಿಂಗ್ ಫೈಲನ್ನು ಡೇಟಾ ಫೈಲ್‌ಗಳ ಫೋಲ್ಡರಿನೊಳಗೇ ಇಟ್ಟರೆ, ಇಡೀ ಫೋಲ್ಡರನ್ನು ನಕಲು ಮಾಡುವ ರಾತ್ರಿಯ ಸ್ಕ್ರಿಪ್ಟ್ ಬೀಗ ಮತ್ತು ಕೀ ಎರಡನ್ನೂ ಒಂದೇ ಟೇಪಿಗೆ ಹಾಕಿ ಕಳಿಸುತ್ತದೆ. ಹಾಗೆಂದು ಯಾರೂ ತೀರ್ಮಾನ ಮಾಡಿರುವುದಿಲ್ಲ, ತಂತಾನೇ ಆಗಿಹೋಗುತ್ತದೆ.

ಎಂಟು ವರ್ಷ ಇಡಬೇಕಾದ ಮಾರ್ಚ್ ಬ್ಯಾಕಪ್ಪಿಗಾಗಿ ಕ1 ಕೂಡ ಎಂಟು ವರ್ಷ ಬದುಕಬೇಕು. ಇದು ಇಷ್ಟವಿಲ್ಲದಿದ್ದರೆ ಬೇರೊಂದು ಉಪಾಯವಿದೆ. ಪರ್ಕೋನಾ ಸಂಸ್ಥೆಯ ಎಕ್ಸ್‌ಟ್ರಾಬ್ಯಾಕಪ್ ಎಂಬ ಉಪಕರಣದಲ್ಲಿ `--transition-key` ಎಂಬ ಆಯ್ಕೆ ಇದೆ. ಬ್ಯಾಕಪ್ ತೆಗೆಯುವಾಗ ಒಂದು ಪ್ರತ್ಯೇಕ ಗುಪ್ತಪದ ಕೊಟ್ಟರೆ, ಆ ಪ್ರತಿಯ ಮಟ್ಟಿಗೆ ಕಡತದ ಕೀಗಳು ಅದರಿಂದಲೇ ಬಿಡಿಸಿಕೊಳ್ಳುವಂತೆ ಸಿದ್ಧವಾಗುತ್ತವೆ. ಮರಳಿ ಸ್ಥಾಪಿಸುವಾಗ ಮೂಲ ಸರ್ವರಿನ ಕೀರಿಂಗ್ ಬೇಕಾಗುವುದಿಲ್ಲ, ಹೊಸ ಮಾಸ್ಟರ್ ಕೀಯನ್ನು ಅಲ್ಲೇ ಹುಟ್ಟಿಸಬಹುದು. ಗುಪ್ತಪದವನ್ನು ಮಾತ್ರ ಎಂಟು ವರ್ಷ ಕಾಪಾಡಬೇಕು. ಜವಾಬ್ದಾರಿ ತಪ್ಪುವುದಿಲ್ಲ, ಆದರೆ ದೈನಂದಿನ ಕೀಗಳಿಂದ ಅದು ಬೇರೆಯಾಗುತ್ತದೆ.

ಇದುವರೆಗೆ ಹೇಳಿದ್ದು ಫೈಲ್‌ಗಳನ್ನು ಇದ್ದಂತೆ ನಕಲು ಮಾಡುವ ಬ್ಯಾಕಪ್. ಚಿಕ್ಕ ಕಚೇರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು `mysqldump`. ಅದು ಡೇಟಾಬೇಸಿನ ಬಾಗಿಲಿನಿಂದ ಬಂದು ಡೇಟಾ ಕೇಳುತ್ತದೆ, ಆದ್ದರಿಂದ ಅದಕ್ಕೆ ಸಿಗುವುದು ಬಿಡಿಸಿದ ಡೇಟಾ. ಹೊರಬರುವ ಫೈಲ್ ಯಾವ ನೋಟ್‌ಪ್ಯಾಡಿನಲ್ಲೂ ಓದಬಹುದಾದ ಬಯಲು ಪಠ್ಯ. ಎಲ್ಲ ಟೇಬಲ್‌ಗಳನ್ನೂ ಎನ್‌ಕ್ರಿಪ್ಟ್ ಮಾಡಿದ ಸರ್ವರಿನ ಪಕ್ಕದಲ್ಲೇ ಬಯಲು ಡಂಪ್ ಬಿದ್ದಿರುವುದು ಅಪರೂಪದ ದೃಶ್ಯವೇನಲ್ಲ. ಡಂಪ್ ಹೊರಬಂದ ಕೂಡಲೇ ಅದನ್ನು ಬೇರೊಂದು ಉಪಕರಣದಿಂದ ಎನ್‌ಕ್ರಿಪ್ಟ್ ಮಾಡಬೇಕು, ಬಯಲು ರೂಪ ಡಿಸ್ಕ್‌ಗೆ ಇಳಿಯದಂತೆ ನೇರ ಪೈಪ್ ಹಾಕುವುದು ಉತ್ತಮ.

ರೆಪ್ಲಿಕಾ ಎಂದರೆ ಮುಖ್ಯ ಸರ್ವರಿನಲ್ಲಿ ಆದ ಪ್ರತಿ ಬದಲಾವಣೆಯನ್ನೂ ಹಿಂಬಾಲಿಸಿ ತನ್ನಲ್ಲೂ ಮಾಡಿಕೊಳ್ಳುವ ಇನ್ನೊಂದು ಸರ್ವರ್. ಅದು ಮುಖ್ಯ ಸರ್ವರಿನ ಕೀಯನ್ನು ಹಂಚಿಕೊಳ್ಳುವುದಿಲ್ಲ, ಅದರ ಮಾಸ್ಟರ್ ಕೀ ಅದರದ್ದೇ. ಮುಖ್ಯ ಸರ್ವರಿನಲ್ಲಿ ಕೊಟ್ಟ ಬದಲಾವಣೆಯ ಆದೇಶವೂ ರೆಪ್ಲಿಕಾಗೆ ಹರಿದುಹೋಗುತ್ತದೆ, ಅಲ್ಲಿ ಅದರ ಸ್ವಂತ ಮಾಸ್ಟರ್ ಕೀ ಬದಲಾಗುತ್ತದೆ. ರೆಪ್ಲಿಕಾದಲ್ಲಿ ಕೀರಿಂಗನ್ನೇ ಹೂಡಿರದಿದ್ದರೆ ಆ ಆದೇಶ ಅಲ್ಲಿ ವಿಫಲವಾಗಿ, ಹಿಂಬಾಲಿಸುವುದೇ ನಿಂತುಹೋಗುತ್ತದೆ. ಮುಖ್ಯ ಸರ್ವರ್ ಏನೂ ಆಗದಂತೆ ಓಡುತ್ತಿರುವುದರಿಂದ, ರೆಪ್ಲಿಕಾದ ಸ್ಥಿತಿಯನ್ನು ಗಮನಿಸುವವರಿಲ್ಲದಿದ್ದರೆ ಇದು ದಿನಗಟ್ಟಲೆ ತಿಳಿಯುವುದಿಲ್ಲ. ಹೊಸ ರೆಪ್ಲಿಕಾ ಕಟ್ಟುವಾಗ ಮುಖ್ಯ ಸರ್ವರಿನ ಫೈಲ್‌ಗಳನ್ನು ಸುಮ್ಮನೆ ನಕಲು ಮಾಡಿದರೆ ಅವು ತೆರೆಯುವುದಿಲ್ಲ, ಏಕೆಂದರೆ ಅವುಗಳ ಕೀ ಅಲ್ಲಿಲ್ಲ. 8.0.17ರಲ್ಲಿ ಬಂದ ಕ್ಲೋನ್ ಸೌಲಭ್ಯ ಈ ತೊಡಕನ್ನು ಬಿಡಿಸುತ್ತದೆ: ಕಡತದ ಕೀಗಳನ್ನು ಮೂಲದಲ್ಲಿ ಬಿಡಿಸಿ, ಹೊಸ ಸರ್ವರಿನ ಮಾಸ್ಟರ್ ಕೀಯಿಂದ ಮತ್ತೆ ಮುಚ್ಚುತ್ತದೆ. ಆ ಕೀಗಳು ದಾರಿಯಲ್ಲಿ ಬಯಲಾಗಿ ಸಾಗುವುದರಿಂದ, ಎರಡು ಯಂತ್ರಗಳ ನಡುವಿನ ಸಂಪರ್ಕ ಸುರಕ್ಷಿತವಾಗಿಲ್ಲದಿದ್ದರೆ ಕ್ಲೋನ್ ಕೆಲಸ ಮಾಡಲು ಒಪ್ಪುವುದಿಲ್ಲ.

ಸರ್ವರಿನಿಂದ ರೆಪ್ಲಿಕಾಗೆ ಬದಲಾವಣೆಗಳು ಸಾಗುವುದು ಬಿನ್‌ಲಾಗ್ ಎಂಬ ದಿನಚರಿಯ ಮೂಲಕ. ಟೇಬಲ್ ಎನ್‌ಕ್ರಿಪ್ಟ್ ಮಾಡಿದ ಮಾತ್ರಕ್ಕೆ ಈ ದಿನಚರಿ ಎನ್‌ಕ್ರಿಪ್ಟ್ ಆಗುವುದಿಲ್ಲ. ಹೊಸ ಸದಸ್ಯರ ಹೆಸರು, ಖಾತೆ ನಂಬರು ಟೇಬಲಿನಲ್ಲಿ ಗೂಢವಾಗಿಯೂ ಬಿನ್‌ಲಾಗಿನಲ್ಲಿ ಬಯಲಾಗಿಯೂ ಇರುತ್ತವೆ. 8.0.14ರಿಂದ `binlog_encryption` ಎಂಬ ಆಯ್ಕೆ ಇದೆ, ಅದನ್ನು ಪ್ರತಿ ಸರ್ವರಿನಲ್ಲೂ ಬೇರೆ ಬೇರೆಯಾಗಿ ಹಾಕಬೇಕು. ಹಾಕಿದ ಮೇಲೂ ಹಿಂದಿನ ಲಾಗ್‌ಗಳು ಬಯಲಾಗಿಯೇ ಉಳಿಯುತ್ತವೆ. ರೆಪ್ಲಿಕಾಗೆ ಕಳಿಸುವಾಗ ಸರ್ವರ್ ಅವನ್ನು ಬಿಡಿಸಿಯೇ ಕಳಿಸುತ್ತದೆ, ದಾರಿಯ ರಕ್ಷಣೆ ಟಿಎಲ್‌ಎಸ್ ಸಂಪರ್ಕದ ಪಾಲಿಗೆ ಬಿಟ್ಟದ್ದು.

ಬಿನ್‌ಲಾಗ್‌ಗೆ ಬೇರೆಯೇ ಮಾಸ್ಟರ್ ಕೀ, ಬೇರೆಯೇ ಆದೇಶ: `ALTER INSTANCE ROTATE BINLOG MASTER KEY`. ಇದರ ನಡತೆ ಇನ್ನೋಡಿಬಿಯದಕ್ಕಿಂತ ಭಿನ್ನ. ಸರ್ವರಿನಲ್ಲಿರುವ ಎನ್‌ಕ್ರಿಪ್ಟ್ ಆದ ಲಾಗ್‌ಗಳ ಕೀಗಳನ್ನೆಲ್ಲ ಹೊಸದರಿಂದ ಮುಚ್ಚಿದ ಮೇಲೆ, ಬಳಕೆ ತಪ್ಪಿದ ಹಳೆಯ ಕೀಗಳನ್ನು ಇದು ಕೀರಿಂಗಿನಿಂದ ಅಳಿಸಿಬಿಡುತ್ತದೆ. ಬಿನ್‌ಲಾಗ್ ಫೈಲ್‌ಗಳನ್ನು ಗೂಢರೂಪದಲ್ಲೇ ಬೇರೆಡೆಗೆ ನಕಲು ಮಾಡಿಟ್ಟವರಿಗೆ ಇದು ದೊಡ್ಡ ಹೊಡೆತ, ಆ ಪ್ರತಿಗಳ ಕೀ ಎಚ್ಚರಿಕೆಯಿಲ್ಲದೆ ಮಾಯವಾಗುತ್ತದೆ. ಬೇರೆ ದಾರಿಯಾದ `mysqlbinlog --read-from-remote-server` ಸರ್ವರಿನಿಂದಲೇ ಲಾಗ್ ಓದುತ್ತದೆ, ಆದರೆ ಅದರಿಂದ ಬರುವ ಪ್ರತಿ ಬಯಲು. ಅದನ್ನು ಸ್ವತಃ ಎನ್‌ಕ್ರಿಪ್ಟ್ ಮಾಡಿ ಇಡಬೇಕು. ಎರಡರಲ್ಲಿ ಯಾವುದನ್ನು ಆರಿಸಿದರೂ ಗೊತ್ತಿದ್ದು ಆರಿಸಬೇಕು.

ಹಾಗಾದರೆ ಎಲ್ಲವೂ ನಿಜಕ್ಕೂ ಎನ್‌ಕ್ರಿಪ್ಟ್ ಆಗಿದೆಯೇ ಎಂದು ತಿಳಿಯುವುದು ಹೇಗೆ? ಬಯಲಾಗಿ ಉಳಿದ ಫೈಲ್‌ಗಳ ಪಟ್ಟಿಯನ್ನು ಸರ್ವರೇ ಕೊಡುತ್ತದೆ:

```sql
SELECT NAME FROM INFORMATION_SCHEMA.INNODB_TABLESPACES
WHERE ENCRYPTION='N';
SHOW BINARY LOGS;
```

ಎರಡನೆಯ ಆದೇಶದ ಉತ್ತರದಲ್ಲಿ `Encrypted` ಎಂಬ ಕಾಲಂ ಇರುತ್ತದೆ. ಸರ್ವರಿನ ಮಾತನ್ನೇ ನಂಬದೆ ಫೈಲನ್ನೂ ನೋಡಬಹುದು. ಬಿನ್‌ಲಾಗಿನ ಮೊದಲ ನಾಲ್ಕು ಬೈಟ್ `fe 62 69 6e` ಎಂದಿದ್ದರೆ ಬಯಲು, `fd 62 69 6e` ಎಂದಿದ್ದರೆ ಎನ್‌ಕ್ರಿಪ್ಟ್ ಆದದ್ದು. ಡೇಟಾ ಫೈಲಿನಲ್ಲಿ ಪರಿಚಿತ ಹೆಸರೊಂದನ್ನು ಹುಡುಕುವುದೂ ವಾಡಿಕೆ. ಕನ್ನಡ ಡೇಟಾ ಇರುವ ಕಡೆ ಇಲ್ಲೊಂದು ಬಲೆ ಇದೆ. ಈ ಕೆಲಸಕ್ಕೆ ಹೆಚ್ಚಿನವರು ಬಳಸುವ `strings` ಎಂಬ ಆದೇಶ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಹೆಕ್ಕುತ್ತದೆ. ಹೆಸರುಗಳು ಕನ್ನಡದಲ್ಲಿದ್ದರೆ ಪೂರ್ತಿ ಬಯಲಾದ ಫೈಲಿನಲ್ಲೂ ಅದಕ್ಕೆ ಏನೂ ಕಾಣುವುದಿಲ್ಲ, ನೋಡಿದವರು ಸದ್ಯ ಎನ್‌ಕ್ರಿಪ್ಟ್ ಆಗಿದೆ ಎಂದುಕೊಳ್ಳುತ್ತಾರೆ. ಬೈಟ್‌ಗಳನ್ನು ಇದ್ದಂತೆ ಹೋಲಿಸುವ ಈ ಆದೇಶ ಮೇಲು:

```
grep -a -c 'ಬಸವರಾಜ' members.ibd
```

ಡೇಟಾ ಯೂನಿಕೋಡಿನಲ್ಲಿದ್ದು, ಆ ಹೆಸರು ಟೇಬಲಿನಲ್ಲಿ ಖಂಡಿತ ಇದ್ದು, ಉತ್ತರ ಸೊನ್ನೆ ಬಂದರೆ ಸರಿ. ಸರ್ವರಿನ ಮರುಚೇತರಿಕೆಗಾಗಿ ಇರುವ ರೀಡೂ ಮತ್ತು ಅಂಡೂ ಲಾಗ್‌ಗಳಿಗೂ `innodb_redo_log_encrypt`, `innodb_undo_log_encrypt` ಎಂಬ ಪ್ರತ್ಯೇಕ ಆಯ್ಕೆಗಳಿವೆ. ನಿಧಾನದ ಪ್ರಶ್ನೆಗಳನ್ನು ದಾಖಲಿಸುವ ಸ್ಲೋ ಲಾಗ್ ಫೈಲನ್ನು ಮಾತ್ರ ಇವು ಯಾವುವೂ ಮುಟ್ಟುವುದಿಲ್ಲ. ಪ್ರಶ್ನೆಯೊಳಗೆ ಬಂದ ಹೆಸರು, ನಂಬರುಗಳು ಅದರಲ್ಲಿ ಅಕ್ಷರಶಃ ಕುಳಿತಿರುತ್ತವೆ.

ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಸಮಂಜಸ ಭದ್ರತಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. 2025ರ ನಿಯಮಗಳು ಎನ್‌ಕ್ರಿಪ್ಷನ್ನನ್ನು ಅಂಥ ಕ್ರಮಗಳಲ್ಲಿ ಹೆಸರಿಸುತ್ತವೆ. ಹಳೆಯ ಕೀಯನ್ನು ಎಂದು ಅಳಿಸಬೇಕು ಎಂಬುದನ್ನು ಅವರವರೇ ಲೆಕ್ಕ ಹಾಕಿಕೊಳ್ಳಬೇಕು. ಮೇಲಿನ ಸಹಕಾರ ಸಂಘದಲ್ಲಿ ಮಾರ್ಚ್ ಪ್ರತಿಗೆ ಪ್ರತ್ಯೇಕ ಗುಪ್ತಪದ ಇದ್ದರೆ, ಕ1ರಿಂದ ಮುಚ್ಚಿದ ಕೊನೆಯ ಬ್ಯಾಕಪ್ ಜೂನ್ 7ರದ್ದು. ಅದರ 35 ದಿನ ಮುಗಿಯುವುದು ಜುಲೈ 12ಕ್ಕೆ. ಅದಕ್ಕೆ ಮುನ್ನ ಕ1 ಅಳಿಸುವಂತಿಲ್ಲ. ಜುಲೈ 12 ಕಳೆದ ಮೇಲೂ, ಆ ಅವಧಿಯಾಚೆಗಿನ ಒಂದು ಬ್ಯಾಕಪ್ಪನ್ನು ಕೀರಿಂಗಿನ ಪ್ರತಿಯೊಂದಿಗೆ ಖಾಲಿ ಯಂತ್ರದಲ್ಲಿ ಸ್ಥಾಪಿಸಿ ಅದು ತೆರೆಯುತ್ತದೆಂದು ಕಂಡ ನಂತರವೇ ಅಳಿಸುವುದು ಸರಿ.